ಎಂಜಿನ್ ಎಷ್ಟು ಸೆಕೆಂಡು ಉರಿಯಿತು? ಕನ್ನಡದ ಸುದ್ದಿ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಪಲ್ಶನ್ ಪಾಠ ಮಾಡುವ ಮೇಷ್ಟ್ರು. ಹೈಪರ್‌ಸಾನಿಕ್, ಅಂದರೆ ಶಬ್ದಕ್ಕಿಂತ ಐದು ಪಟ್ಟಿಗೂ ಹೆಚ್ಚು ವೇಗದ, ಪರೀಕ್ಷೆಯ ಸುದ್ದಿ ಬಂದಾಗಲೆಲ್ಲ ನನ್ನ ತರಗತಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ. 2016ರ ಆಗಸ್ಟ್ 28ರಂದು ಇಸ್ರೋ ಶ್ರೀಹರಿಕೋಟಾದಿಂದ, ಹೊರಗಿನ ಗಾಳಿಯನ್ನೇ ಎಳೆದುಕೊಂಡು ಅತಿವೇಗದಲ್ಲಿ ಉರಿಯುವ ಎಂಜಿನ್ ಆದ ಸ್ಕ್ರಾಮ್‌ಜೆಟ್ ಹಾರಿಸಿತು. 2020ರ ಸೆಪ್ಟೆಂಬರ್ 7ರಂದು ಡಿಆರ್‌ಡಿಓ ಒಡಿಶಾ ಕರಾವಳಿಯಿಂದ ಹಾರಿಸಿತು. 2025ರ ಏಪ್ರಿಲ್ 25ರಂದು ಹೈದರಾಬಾದಿನಲ್ಲಿ ನೆಲದ ಮೇಲೆ ಮತ್ತೊಂದು ಪರೀಕ್ಷೆ ಆಯಿತು. ಎಲ್ಲವೂ ಯಶಸ್ವಿ ಎಂದೇ ಓದಿದೆವು. "ಹಾಗಾದ್ರೆ ಸರ್, 2016ರಲ್ಲೇ ಆಗಿಹೋಗಿದ್ದನ್ನು ಇನ್ನೂ ಯಾಕೆ ಪರೀಕ್ಷೆ ಮಾಡ್ತಿದ್ದಾರೆ?"

ಪ್ರಶ್ನೆ ಸರಿಯಾಗಿದೆ. ಉತ್ತರ ಸುದ್ದಿಯೊಳಗೇ ಇತ್ತು, ಆದರೆ ಕೊನೆಯ ಸಾಲಿನಲ್ಲಿ ಇತ್ತು, ಕೆಲವೊಮ್ಮೆ ಬಿಟ್ಟೇ ಹೋಗಿತ್ತು. 2016ರಲ್ಲಿ ಎಂಜಿನ್ ಉರಿದದ್ದು ಸುಮಾರು 5 ಸೆಕೆಂಡು. 2020ರಲ್ಲಿ 20 ಸೆಕೆಂಡಿಗೂ ಜಾಸ್ತಿ. 2025ರಲ್ಲಿ ನೆಲದ ಮೇಲೆ, ಚಿಕ್ಕ ಅಳತೆಯ ಕಂಬಸ್ಟರ್ ಒಂದರಲ್ಲಿ, ಅಂದರೆ ಎಂಜಿನ್ನಿನೊಳಗೆ ಇಂಧನ ಉರಿಯುವ ಕೋಣೆಯಲ್ಲಿ, 1,000 ಸೆಕೆಂಡಿಗೂ ಜಾಸ್ತಿ. ನಮ್ಮ ತಲೆಬರಹಗಳು ಮಾತ್ರ "ಶಬ್ದಕ್ಕಿಂತ ಆರು ಪಟ್ಟು ವೇಗ" ಎಂಬಲ್ಲೇ ನಿಂತುಬಿಡುತ್ತವೆ. ಈ ವಿಷಯದಲ್ಲಿ ವೇಗಕ್ಕಿಂತ ಸೆಕೆಂಡುಗಳೇ ಮುಖ್ಯ ಸುದ್ದಿ. ಅದು ಯಾಕೆ ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಆರು ಪಟ್ಟು ವೇಗ ಎಂಬುದು ಹೊಸದೇನಲ್ಲ. ಅಮೆರಿಕದ ಎಕ್ಸ್-15 ಎಂಬ ರಾಕೆಟ್ ವಿಮಾನ ಒಳಗೆ ಪೈಲಟ್‌ನನ್ನು ಕೂರಿಸಿಕೊಂಡು 1967ರಲ್ಲೇ ಮ್ಯಾಕ್ 6.7, ಅಂದರೆ ಶಬ್ದದ ವೇಗದ 6.7 ಪಟ್ಟು, ಮುಟ್ಟಿತ್ತು. ರಾಕೆಟ್ಟಿಗೆ ಇದು ದೊಡ್ಡ ಕಷ್ಟವೂ ಅಲ್ಲ. ಯಾಕೆಂದರೆ ಇಂಧನವನ್ನು ಉರಿಸಲು ಬೇಕಾದ ಆಮ್ಲಜನಕವನ್ನೂ ಅದು ಹೊತ್ತುಕೊಂಡೇ ಹೋಗುತ್ತದೆ. ಹೊರಗಿನ ಗಾಳಿ ಅದಕ್ಕೆ ಬರೀ ಅಡ್ಡಿ. ಆದರೆ ಹಾಗೆ ಹೊತ್ತೊಯ್ಯುವ ಭಾರ ವಿಪರೀತ. ದಾರಿಯಲ್ಲಿ ಸಿಗುವ ಗಾಳಿಯನ್ನೇ ಬಳಸಿಕೊಂಡರೆ ಅಷ್ಟೇ ತೂಕದಲ್ಲಿ ಬಹಳ ದೂರ ಹೋಗಬಹುದು. ಸ್ಕ್ರಾಮ್‌ಜೆಟ್ಟಿನ ಆಸೆ ಹುಟ್ಟಿದ್ದು ಇಲ್ಲಿಂದ.

ಇದರ ಅಣ್ಣ ರಾಮ್‌ಜೆಟ್ ನಮಗೆ ಗೊತ್ತಿರುವುದೇ. ಬ್ರಹ್ಮೋಸ್ ಕ್ಷಿಪಣಿಯೊಳಗೆ ಇರುವುದು ಅದು. ಅದರಲ್ಲಿ ತಿರುಗುವ ಫ್ಯಾನಿಲ್ಲ, ಕಂಪ್ರೆಸರ್ ಇಲ್ಲ. ಮೊದಲು ಒಂದು ಬೂಸ್ಟರ್ ರಾಕೆಟ್ ವೇಗ ಕೊಡುತ್ತದೆ. ಆಮೇಲೆ ಮುಂದಿನಿಂದ ನುಗ್ಗುವ ಗಾಳಿ ತನ್ನ ವೇಗದಿಂದಲೇ ಒತ್ತಿಕೊಂಡು, ಒಳಗೆ ಶಬ್ದಕ್ಕಿಂತ ಕಡಿಮೆ ವೇಗಕ್ಕೆ ಇಳಿಯುತ್ತದೆ. ಅಲ್ಲಿ ಇಂಧನ ಉರಿದು, ಬಿಸಿ ಅನಿಲ ಹಿಂದಿನ ನಾಜಲ್‌ನಿಂದ ಹೊರಗೆ ಚಿಮ್ಮುತ್ತದೆ.

ಮ್ಯಾಕ್ 3ರ ಆಸುಪಾಸಿನಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಮ್ಯಾಕ್ 6ರಲ್ಲಿ ಕೈಕೊಡುತ್ತದೆ. ಸೈಕಲ್ ಪಂಪು ಒತ್ತಿದಾಗ ಅದರ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿರುತ್ತೇವೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. 30 ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಗಾಳಿ ಸುಮಾರು ಮೈನಸ್ 47 ಡಿಗ್ರಿ ಇರುತ್ತದೆ. ಮ್ಯಾಕ್ 6ರಲ್ಲಿ ನುಗ್ಗುವ ಅದೇ ಗಾಳಿಯನ್ನು ಪೂರ್ತಿ ನಿಲ್ಲಿಸಿದರೆ ಅದು 1,500 ಡಿಗ್ರಿಯ ಹತ್ತಿರ ಹೋಗುತ್ತದೆ. ಇನ್ನೂ ಒಂದು ಹನಿ ಇಂಧನ ಉರಿದಿಲ್ಲ, ಆಗಲೇ ಇಷ್ಟು ಕಾವು. ಇದರ ಮೇಲೆ ಇಂಧನವನ್ನೂ ಉರಿಸಿದರೆ, ಕೊಟ್ಟ ಶಾಖದಲ್ಲಿ ಒಂದು ಪಾಲು ಅಣುಗಳನ್ನು ಒಡೆಯುವುದಕ್ಕೇ ಖರ್ಚಾಗುತ್ತದೆ, ನೂಕುಬಲವಾಗಿ ವಾಪಸು ಬರುವುದಿಲ್ಲ. ಇನ್ನೊಂದು ನಷ್ಟವೂ ಇದೆ. ಮ್ಯಾಕ್ 6ರ ಗಾಳಿಯನ್ನು ಗಾಳಿಯ ಒತ್ತಡ ಥಟ್ಟನೆ ಏರುವ ತೆಳು ಪದರವಾದ ಒಂದೇ ನೇರ ಶಾಕ್ ವೇವ್‌ನಿಂದ ತಡೆದರೆ, ಬಳಸಿಕೊಳ್ಳಬಹುದಾಗಿದ್ದ ಒತ್ತಡದಲ್ಲಿ ಶೇಕಡಾ 3ರಷ್ಟು ಮಾತ್ರ ಉಳಿಯುತ್ತದೆ. ಓರೆಯಾದ ಹಲವು ಶಾಕ್‌ಗಳ ಮೂಲಕ ಹಂತಹಂತವಾಗಿ ತಗ್ಗಿಸಿದರೆ ನಷ್ಟ ಕಡಿಮೆಯಾಗುತ್ತದೆ, ಆದರೂ ಪೂರ್ತಿ ನಿಧಾನ ಮಾಡುವ ಕೊನೆಯ ಹಂತ ದುಬಾರಿಯೇ.

ಹಾಗಾಗಿ ಎಂಜಿನಿಯರುಗಳು ಗಾಳಿಯನ್ನು ಪೂರ್ತಿ ನಿಧಾನ ಮಾಡುವ ಯೋಚನೆಯನ್ನೇ ಬಿಟ್ಟರು. ಸ್ವಲ್ಪ ತಗ್ಗಿಸೋಣ, ಎಂಜಿನ್ನಿನ ಒಳಗೂ ಅದು ಶಬ್ದಕ್ಕಿಂತ ವೇಗವಾಗಿಯೇ ಹರಿಯಲಿ, ಹರಿಯುತ್ತಿರುವಾಗಲೇ ಇಂಧನ ಬೆರೆಸಿ ಉರಿಸೋಣ ಎಂದರು. ಸ್ಕ್ರಾಮ್‌ಜೆಟ್ ಎಂದರೆ ಇಷ್ಟೇ. ಚಿತ್ರ ಬರೆದರೆ ಒಂದು ಪುಟ ಸಾಕು. ಕಷ್ಟ ಶುರುವಾಗುವುದು ಆಮೇಲೆ.

ಮೊದಲನೆಯದು ಉರಿಸುವ ಕಷ್ಟ. ಕಂಬಸ್ಟರ್ ಒಂದು ಮೀಟರ್ ಉದ್ದ ಇದೆ, ಒಳಗೆ ಗಾಳಿ ಸೆಕೆಂಡಿಗೆ ಒಂದು ಕಿಲೋಮೀಟರ್ ಓಡುತ್ತಿದೆ ಎಂದುಕೊಳ್ಳಿ. ಇಂಧನಕ್ಕೆ ಸಿಗುವ ಸಮಯ ಒಂದು ಮಿಲಿಸೆಕೆಂಡು. ಅಷ್ಟರೊಳಗೆ ಅದು ಗಾಳಿಯೊಳಗೆ ಹರಡಬೇಕು, ದ್ರವವಾಗಿದ್ದರೆ ಆವಿಯಾಗಬೇಕು, ಬೆರೆಯಬೇಕು, ಹೊತ್ತಿಕೊಳ್ಳಬೇಕು, ಉರಿದು ಮುಗಿಯಬೇಕು. ಹೈಡ್ರೋಜನ್ ಇದಕ್ಕೆ ಒಗ್ಗುತ್ತದೆ, ಬೇಗ ಹೊತ್ತುತ್ತದೆ. ಇಸ್ರೋ 2016ರಲ್ಲಿ ಬಳಸಿದ್ದು ಅದನ್ನೇ. ಆದರೆ ದ್ರವರೂಪದಲ್ಲೂ ಹೈಡ್ರೋಜನ್ ತುಂಬಾ ಜಾಗ ತಿನ್ನುತ್ತದೆ, ಹಾಗಾಗಿ ಕ್ಷಿಪಣಿ ಮಾಡುವವರು ಸೀಮೆಎಣ್ಣೆಯ ಜಾತಿಯ ಇಂಧನಗಳನ್ನೇ ಬಯಸುತ್ತಾರೆ. ಅವು ನಿಧಾನವಾಗಿ ಹೊತ್ತುತ್ತವೆ. ಆದ್ದರಿಂದ ಕಂಬಸ್ಟರಿನ ಗೋಡೆಯಲ್ಲಿ ಸಣ್ಣ ಗುಂಡಿಗಳನ್ನು ಕೊರೆಯುತ್ತಾರೆ. ಗುಂಡಿಯೊಳಗೆ ಗಾಳಿ ಸುಳಿಯಾಗಿ ಸುತ್ತುತ್ತದೆ, ಅಲ್ಲೊಂದು ಬೆಂಕಿ ನಿಲ್ಲುತ್ತದೆ, ಅದು ಪಕ್ಕದಲ್ಲಿ ಹರಿಯುವುದನ್ನು ಹೊತ್ತಿಸುತ್ತಾ ಇರುತ್ತದೆ. ಈ ಭಾಗವನ್ನು ಹಲವು ದೇಶಗಳು ಸಾಧಿಸಿವೆ. ನಮ್ಮ 2016ರ 5 ಸೆಕೆಂಡು ಇದಕ್ಕೇ ಕೊಟ್ಟ ಉತ್ತರ: ಹಾರುತ್ತಿರುವಾಗ ಬೆಂಕಿ ಹೊತ್ತಿತು, ನಿಂತಿತು. ಅದು ದೊಡ್ಡ ವಿಷಯವೇ. ಆದರೆ ಬೆಂಕಿ ಹೊತ್ತಿದ ಮಾತ್ರಕ್ಕೆ ವಾಹನ ಮುಂದೆ ನೂಕಿಸಿಕೊಳ್ಳುತ್ತದೆ ಎಂದು ಅರ್ಥವಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ದಯವಿಟ್ಟು ತಾಳ್ಮೆ ಇರಲಿ. ನನ್ನ ಪ್ರಕಾರ ಇಡೀ ವಿಷಯದ ಬೇರು ಇದೇ. ಒಂದು ಕಿಲೋ ಗಾಳಿಯಲ್ಲಿರುವ ಆಮ್ಲಜನಕಕ್ಕೆ ಸರಿಯಾಗುವಷ್ಟು ಸೀಮೆಎಣ್ಣೆ ಉರಿಸಿದರೆ ಸುಮಾರು 2.9 ಮೆಗಾಜೂಲ್ ಶಕ್ತಿ ಸಿಗುತ್ತದೆ. ಇದು ರಸಾಯನಶಾಸ್ತ್ರದ ಮಿತಿ, ಎಷ್ಟು ವೇಗವಾಗಿ ಹೋದರೂ ಹೆಚ್ಚಾಗುವುದಿಲ್ಲ. ಇನ್ನೊಂದು ಕಡೆ, ಎಂಜಿನ್ನಿಗೆ ನುಗ್ಗುವ ಅದೇ ಒಂದು ಕಿಲೋ ಗಾಳಿಗೆ ತನ್ನದೇ ಚಲನ ಶಕ್ತಿ ಇದೆ, ಅದು ವೇಗದ ವರ್ಗದಂತೆ ಏರುತ್ತದೆ. ಬ್ರಹ್ಮೋಸ್‌ನಂಥ ಮ್ಯಾಕ್ 3ರ ಆಸುಪಾಸಿನ ವೇಗದಲ್ಲಿ ಅದು ಸುಮಾರು 0.4 ಮೆಗಾಜೂಲ್. ಇಂಧನ ಕೊಡುವುದು ಅದರ ಏಳು ಪಟ್ಟು. ಮ್ಯಾಕ್ 6ರಲ್ಲಿ 1.6 ಮೆಗಾಜೂಲ್ ಆಗುತ್ತದೆ. ಮ್ಯಾಕ್ 8ರಲ್ಲಿ, ಅಂದರೆ ಸೆಕೆಂಡಿಗೆ 2,400 ಮೀಟರ್ ವೇಗದಲ್ಲಿ, ಅದೂ 2.9 ಮೆಗಾಜೂಲ್. ಇಂಧನದಿಂದ ಬರುವುದು, ಗಾಳಿಯಲ್ಲಿ ಆಗಲೇ ಇರುವುದು ಎರಡೂ ಸಮ ಸಮ.

ಇದರ ಪರಿಣಾಮ ಏನು? ಜೆಟ್ ಎಂಜಿನ್ನಿನ ನೂಕುಬಲ ಬರುವುದು ಗಾಳಿ ಒಳಗೆ ಬಂದ ವೇಗಕ್ಕೂ ಹೊರಗೆ ಹೋದ ವೇಗಕ್ಕೂ ಇರುವ ವ್ಯತ್ಯಾಸದಿಂದ. ಮ್ಯಾಕ್ 8ರಲ್ಲಿ ಇಂಧನದ ಶಕ್ತಿಯಲ್ಲಿ ಶೇಕಡಾ 40ರಷ್ಟು ನಮ್ಮ ಕೆಲಸಕ್ಕೆ ಬಂತು, ಶಾಕ್‌ಗಳಲ್ಲಿ ಮತ್ತು ಗೋಡೆಯ ಉಜ್ಜಾಟದಲ್ಲಿ ಗಾಳಿಯ ಚಲನ ಶಕ್ತಿಯ ಶೇಕಡಾ 10 ಹೋಯಿತು ಎಂದು ಅಂದಾಜಿಗೆ ಇಟ್ಟುಕೊಳ್ಳಿ. ಆಗ ಗಾಳಿ ಹೊರಗೆ ಹೋಗುವುದು ಸೆಕೆಂಡಿಗೆ ಸುಮಾರು 2,740 ಮೀಟರ್ ವೇಗದಲ್ಲಿ. ಲಾಭ 340 ಮೀಟರ್. ಇನ್ನೇನೂ ಬದಲಾಗದೆ ಆ ನಷ್ಟ ಶೇಕಡಾ 20 ಆದರೆ ಲಾಭ 230 ಮೀಟರಿಗೆ ಇಳಿಯುತ್ತದೆ. ನೂಕುಬಲದಲ್ಲಿ ಮೂರನೇ ಒಂದು ಭಾಗ ಹೋಯಿತು. ಇಷ್ಟರಿಂದಲೇ ವಾಹನದ ಮೈಗೆ ಹೊರಗಿನ ಗಾಳಿ ಒಡ್ಡುವ ಎಳೆತವನ್ನೂ ಗೆಲ್ಲಬೇಕು. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದಾಗ ಉಳಿಯುವ ಸಣ್ಣ ಸಂಖ್ಯೆಯ ಮೇಲೆ ಇಡೀ ಎಂಜಿನ್ ಬದುಕಿದೆ. ಗಾಳಿ ಒಳಬರುವ ಬಾಯಿಯಾದ ಇನ್‌ಲೆಟ್ಟಿನ ಅಂಚು ಸ್ವಲ್ಪ ಮೊಂಡಾದರೂ, ಇಂಧನ ಸ್ವಲ್ಪ ಕಡಿಮೆ ಬೆರೆತರೂ, ಹಾರಾಟದ ಕೋನ ಸ್ವಲ್ಪ ತಪ್ಪಿದರೂ ಆ ಸಣ್ಣ ಸಂಖ್ಯೆಯೇ ತಿಂದುಹೋಗುತ್ತದೆ. ಹಾಗಾಗಿಯೇ ಸ್ಕ್ರಾಮ್‌ಜೆಟ್ ವಾಹನದಲ್ಲಿ ಎಂಜಿನ್ ಬೇರೆ, ಮೈ ಬೇರೆ ಎಂದು ಇರುವುದಿಲ್ಲ. ಮೂತಿಯ ಕೆಳಭಾಗವೇ ಗಾಳಿಯನ್ನು ಒತ್ತುವ ಇನ್‌ಲೆಟ್, ಬಾಲದ ಕೆಳಭಾಗವೇ ನಾಜಲ್‌ನ ಅರ್ಧ.

ಈಗ ನಿಜವಾಗಿ ನಡೆದ ಒಂದು ಕಥೆಗೆ ಬರುತ್ತೇನೆ. ಅಮೆರಿಕದ ವಾಯುಪಡೆಯ ಎಕ್ಸ್-51ಎ. ಇಂಥ ವಾಹನಗಳು ನಾಲ್ಕು, ಹಾರಾಟ ನಾಲ್ಕು. ಬಿ-52 ವಿಮಾನದ ರೆಕ್ಕೆಯ ಕೆಳಗೆ ಕಟ್ಟಿಕೊಂಡು ಹೋಗಿ ಪೆಸಿಫಿಕ್ ಸಾಗರದ ಮೇಲೆ ಬೀಳಿಸುತ್ತಿದ್ದರು. ರಾಕೆಟ್ ಬೂಸ್ಟರ್ ಅದನ್ನು ಸುಮಾರು ಮ್ಯಾಕ್ 4.8ಕ್ಕೆ ತಲುಪಿಸಿ ಕಳಚಿಕೊಳ್ಳುತ್ತಿತ್ತು. ಆಮೇಲೆ ಸ್ಕ್ರಾಮ್‌ಜೆಟ್ ತನ್ನ ಬಲದಿಂದ ಮ್ಯಾಕ್ 6ರವರೆಗೆ ಹೋಗಬೇಕು ಎಂಬುದು ಗುರಿ. ಇಂಧನ ಜೆಪಿ-7, ಸೀಮೆಎಣ್ಣೆಯ ದೂರದ ನೆಂಟ.

2010ರ ಮೇ 26ರಂದು ಮೊದಲ ಹಾರಾಟ. ಎಂಜಿನ್ ಹೊತ್ತಿತು, 140 ಸೆಕೆಂಡಿನಷ್ಟು ಉರಿಯಿತು. ಅದುವರೆಗಿನ ಅತಿ ದೀರ್ಘ ಸ್ಕ್ರಾಮ್‌ಜೆಟ್ ಹಾರಾಟ ಅದು. ಆದರೆ ವೇಗ ಅಂದುಕೊಂಡಷ್ಟು ಏರುತ್ತಿರಲಿಲ್ಲ. ಎಂಜಿನ್ನೂ ನಾಜಲ್ಲೂ ಕೂಡುವ ಜಾಗದ ಸೀಲ್‌ನಿಂದ ಬಿಸಿ ಅನಿಲ ಒಳಗೆ ಸೋರಿತ್ತು. ನೂಕುಬಲದ ಲೆಕ್ಕ ಎಷ್ಟು ಬಿಗಿ ಎಂದು ಈಗಷ್ಟೇ ನೋಡಿದೆವಲ್ಲ, ಅಂಥ ಎಂಜಿನ್ನಿಗೆ ಒಂದು ಸೀಲ್ ಸಾಕು.

ಎರಡನೆಯದು 2011ರ ಜೂನ್ 13. ಇದು ನನಗೆ ಅತಿ ಮುಖ್ಯ ಅನ್ನಿಸುತ್ತದೆ. ತಣ್ಣಗಿರುವ ಜೆಪಿ-7 ಅಷ್ಟು ಬೇಗ ಹೊತ್ತುವುದಿಲ್ಲ. ಹಾಗಾಗಿ ಮೊದಲು ಎಥಿಲೀನ್ ಅನಿಲದಿಂದ ಎಂಜಿನ್ ಹೊತ್ತಿಸಿ, ಗೋಡೆಗಳು ಬಿಸಿಯಾದ ಮೇಲೆ ಜೆಪಿ-7ಗೆ ಬದಲಾಗಬೇಕು. ಎಥಿಲೀನ್ ಹೊತ್ತಿತು. ಬದಲಾಗುವ ಹೊತ್ತಿಗೆ ಇನ್‌ಲೆಟ್ 'ಅನ್‌ಸ್ಟಾರ್ಟ್' ಆಯಿತು.

ಅನ್‌ಸ್ಟಾರ್ಟ್ ಎಂದರೇನು ಎಂದು ಓದುಗರಿಗೆ ಒಮ್ಮೆಯಾದರೂ ಬಿಡಿಸಿ ಹೇಳಬೇಕು. ಶಬ್ದಕ್ಕಿಂತ ವೇಗವಾಗಿ ಹರಿಯುವ ಗಾಳಿಗೆ ಶಾಖ ಕೊಟ್ಟರೆ ಅದು ನಿಧಾನವಾಗುತ್ತದೆ, ಒತ್ತಡ ಏರುತ್ತದೆ. ಶಾಖ ಅತಿಯಾದರೆ ಹರಿವು ಕಟ್ಟಿಕೊಳ್ಳುತ್ತದೆ, ಏರಿದ ಒತ್ತಡ ಹಿಂದಕ್ಕೆ, ಅಂದರೆ ಇನ್‌ಲೆಟ್ಟಿನ ಕಡೆಗೆ, ತಳ್ಳುತ್ತದೆ. ಇದನ್ನು ತಡೆಯಲು ಇನ್‌ಲೆಟ್ಟಿಗೂ ಕಂಬಸ್ಟರಿಗೂ ನಡುವೆ ಐಸೋಲೇಟರ್ ಎಂಬ ಕೊಳವೆ ಇಟ್ಟಿರುತ್ತಾರೆ. ಅದರೊಳಗೆ ಶಾಕ್‌ಗಳ ಸಾಲೊಂದು ನಿಂತು ಒತ್ತಡದ ಏರಿಕೆಯನ್ನು ಹೊರುತ್ತದೆ. ಒತ್ತಡ ಇನ್ನೂ ಏರಿದರೆ ಆ ಸಾಲು ಮುಂದೆ ಮುಂದೆ ಸರಿದು ಇನ್‌ಲೆಟ್ಟಿನ ಬಾಯಿಂದಲೇ ಆಚೆ ಬಂದುಬಿಡುತ್ತದೆ. ಆಗ ಗಾಳಿ ಒಳಗೆ ಹೋಗುವ ಬದಲು ಪಕ್ಕದಿಂದ ಚೆಲ್ಲುತ್ತದೆ. ನೂಕುಬಲ ಕುಸಿಯುತ್ತದೆ, ಎಳೆತ ಏರುತ್ತದೆ, ವಾಹನ ಒದ್ದಾಡುತ್ತದೆ. ಇದೆಲ್ಲ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಐಸೋಲೇಟರಿನ ಗೋಡೆಯುದ್ದಕ್ಕೂ ಒತ್ತಡದ ಸೆನ್ಸರ್‌ಗಳಿರುತ್ತವೆ. ಒತ್ತಡ ಏರುವ ಜಾಗ ಒಂದು ಸೆನ್ಸರಿನಿಂದ ಅದರ ಮುಂದಿನದಕ್ಕೆ ಸರಿಯುತ್ತಿದ್ದರೆ ಅನ್‌ಸ್ಟಾರ್ಟ್ ಬರುತ್ತಿದೆ ಎಂದೇ ಅರ್ಥ. ಕೂಡಲೇ ಇಂಧನ ತಗ್ಗಿಸಬೇಕು. ಆದರೆ ಇಂಧನ ತಗ್ಗಿಸಿದರೆ ನೂಕುಬಲವೂ ತಗ್ಗುತ್ತದೆ, ಅಲ್ವಾ? ಜಾಸ್ತಿ ಉರಿಸಿದರೆ ಅನ್‌ಸ್ಟಾರ್ಟ್, ಕಡಿಮೆ ಉರಿಸಿದರೆ ಎಳೆತದ ಮುಂದೆ ಸೋಲು. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ ಎಂಜಿನ್ ಓಡಬೇಕು. 2011ರಲ್ಲಿ ವಾಹನ ತನ್ನ ಕೋನ ಬದಲಿಸಿ ಮತ್ತೆ ಎಂಜಿನ್ ಶುರು ಮಾಡಲು ನೋಡಿತು. ಆಗಲಿಲ್ಲ, ಸಮುದ್ರಕ್ಕೆ ಬಿತ್ತು.

ಮೂರನೆಯದು, 2012ರ ಆಗಸ್ಟ್ 14. ದಿಕ್ಕನ್ನು ಹಿಡಿತದಲ್ಲಿಡುವ ಒಂದು ಸಣ್ಣ ರೆಕ್ಕೆಯ ತೊಂದರೆಯಿಂದ ಹಿಡಿತ ತಪ್ಪಿತು, ಸ್ಕ್ರಾಮ್‌ಜೆಟ್ ಹೊತ್ತಿಸುವ ಸರದಿಯೇ ಬರಲಿಲ್ಲ.

ನಾಲ್ಕನೆಯದು, ಕೊನೆಯದು, 2013ರ ಮೇ 1. ಈ ಸಲ ಎಲ್ಲವೂ ಕೂಡಿಬಂತು. ಇಂಧನ ಮುಗಿಯುವವರೆಗೆ, ಸುಮಾರು ಮೂರೂವರೆ ನಿಮಿಷ, ಎಂಜಿನ್ ಉರಿಯಿತು. ಒಟ್ಟು ಹಾರಾಟ ಆರು ನಿಮಿಷಕ್ಕೂ ಹೆಚ್ಚು, ದೂರ 420 ಕಿಲೋಮೀಟರಿಗೂ ಜಾಸ್ತಿ. ಮುಟ್ಟಿದ ವೇಗ ಮ್ಯಾಕ್ 5.1. ಮತ್ತೊಮ್ಮೆ ನೋಡಿ: ಬೂಸ್ಟರ್ ಬಿಟ್ಟದ್ದು ಸುಮಾರು ಮ್ಯಾಕ್ 4.8ರಲ್ಲಿ. ಮೂರೂವರೆ ನಿಮಿಷ ಉರಿದು, ಮೇಲೇರುತ್ತಾ, ಎಂಜಿನ್ ತಾನಾಗಿ ಸೇರಿಸಿದ್ದು ಮ್ಯಾಕ್ 0.3. ಇದು ಸೋಲಲ್ಲ, ಈ ಕ್ಷೇತ್ರದ ಮೈಲಿಗಲ್ಲು. ಮೇಲೆ ಹೇಳಿದ ಲೆಕ್ಕ ಎಷ್ಟು ಬಿಗಿ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ. ವೇಗವನ್ನಷ್ಟೇ ಅಳೆದರೆ 2004ರಲ್ಲಿ ನಾಸಾದ ಎಕ್ಸ್-43ಎ ಮ್ಯಾಕ್ 9.6ರ ಆಚೆ ಹೋಗಿತ್ತು. ಆದರೆ ಎಂಜಿನ್ ಉರಿದದ್ದು ಸುಮಾರು 10 ಸೆಕೆಂಡು.

10 ಸೆಕೆಂಡಿಗೂ 200 ಸೆಕೆಂಡಿಗೂ ಇರುವ ವ್ಯತ್ಯಾಸ ಕಾವಿನದ್ದು. ಕೆಲವೇ ಸೆಕೆಂಡು ಆದರೆ ದಪ್ಪ ತಾಮ್ರದ ಗೋಡೆ ಶಾಖವನ್ನು ಕುಡಿದುಕೊಂಡು ಸುಮ್ನೆ ಇರುತ್ತದೆ. ಎಕ್ಸ್-43ಎ ಎಂಜಿನ್ ತಾಮ್ರದ್ದೇ, ಅಂಚುಗಳಿಗೆ ನೀರು ಹರಿಸಿ ತಂಪು ಮಾಡುತ್ತಿದ್ದರು. ನಿಮಿಷಗಟ್ಟಲೆ ಉರಿಯಬೇಕಾದರೆ ಆ ಉಪಾಯ ನಡೆಯದು. ಹೊರಗಿನ ಗಾಳಿಯಿಂದ ತಂಪು ಮಾಡೋಣ ಎಂದರೆ ಅದೇ ಸಾವಿರ ಡಿಗ್ರಿ ದಾಟಿದೆ. ವಾಹನದಲ್ಲಿ ತಣ್ಣಗಿರುವುದು ಒಂದೇ, ಇಂಧನ. ಅದನ್ನೇ ಎಂಜಿನ್ ಗೋಡೆಯೊಳಗಿನ ಸಣ್ಣ ಕಾಲುವೆಗಳಲ್ಲಿ ಹರಿಸುತ್ತಾರೆ. ಅದು ಗೋಡೆಯ ಶಾಖ ಹೀರಿ ಬಿಸಿಯಾಗುತ್ತದೆ, ಇನ್ನೂ ಬಿಸಿಯಾದಾಗ ಅದರ ದೊಡ್ಡ ಅಣುಗಳು ಒಡೆದು ಚಿಕ್ಕವಾಗುತ್ತವೆ. ಒಡೆಯುವುದಕ್ಕೂ ಶಾಖ ಬೇಕು, ಆ ಶಾಖವೂ ಗೋಡೆಯಿಂದಲೇ ಹೋಗುತ್ತದೆ. ಒಡೆದ ಚಿಕ್ಕ ಅಣುಗಳು ಬೇಗ ಹೊತ್ತುತ್ತವೆ, ಹಾಗಾಗಿ ಉರಿಸುವ ಕಷ್ಟವೂ ಕಡಿಮೆಯಾಗುತ್ತದೆ. ಎಷ್ಟು ಚಂದದ ಉಪಾಯ! ಆದರೆ ಕಾವು ಮಿತಿ ಮೀರಿದರೆ ಇಂಧನ ಕರಿಯಾಗಿ ಕಾಲುವೆಯಲ್ಲಿ ಕಟ್ಟುತ್ತದೆ. ಒಂದು ಕಾಲುವೆ ಕಟ್ಟಿದರೆ ಅಲ್ಲಿನ ಗೋಡೆ ಕರಗುತ್ತದೆ. ಇನ್ನೊಂದು ತೊಡಕು: ತಂಪಿಗೆ ಬೇಕಾದಷ್ಟು ಇಂಧನ, ಉರಿಸಲು ಬೇಕಾದಷ್ಟು ಇಂಧನ, ಎರಡೂ ಒಂದೇ ಆಗಿರಬೇಕು. ವೇಗ ಏರಿದಂತೆ ತಂಪಿನ ಬೇಡಿಕೆಯೇ ಮುಂದೆ ಓಡುತ್ತದೆ. ಸೀಮೆಎಣ್ಣೆ ಜಾತಿಯ ಇಂಧನಗಳಿಗೆ ಮ್ಯಾಕ್ 8ರ ಹತ್ತಿರ ಈ ಸಾಮರ್ಥ್ಯ ಮುಗಿಯುತ್ತದೆ ಎಂದು ಈ ಕ್ಷೇತ್ರದವರು ಸಾಮಾನ್ಯವಾಗಿ ಹೇಳುತ್ತಾರೆ.

ಹೈದರಾಬಾದಿನ 2025ರ ಪರೀಕ್ಷೆ ಕೇಳಿದ್ದು ಇದೇ ಪ್ರಶ್ನೆಯನ್ನು. ಅಲ್ಲಿದ್ದದ್ದು ಹೀಗೆ ತಂಪಾಗಿಸುವ ಕಂಬಸ್ಟರ್. ಅದೇ ವರ್ಷದ ಜನವರಿಯಲ್ಲಿ 120 ಸೆಕೆಂಡು ಉರಿದಿತ್ತು, ಏಪ್ರಿಲ್‌ನಲ್ಲಿ 1,000 ದಾಟಿತು. ಅಷ್ಟು ಹೊತ್ತಿಗೆ ಗೋಡೆಯ ಕಾವು ಒಂದು ಮಟ್ಟಕ್ಕೆ ಬಂದು ನಿಂತಿರುತ್ತದೆ. ಹಾಗೆ ನಿಲ್ಲದಿದ್ದರೆ ಗೋಡೆ ಉಳಿಯುತ್ತಲೇ ಇರಲಿಲ್ಲ. 2016ರ 5 ಸೆಕೆಂಡು ಮತ್ತು 2025ರ 1,000 ಸೆಕೆಂಡು ಬೇರೆ ಬೇರೆ ಪರೀಕ್ಷೆಗೆ ಬರೆದ ಉತ್ತರಗಳು. ಒಂದರ ಮುಂದೆ ಇನ್ನೊಂದು ಸಣ್ಣದಲ್ಲ.

ನೆಲದ ಮೇಲೆ ಮಾಡಿದ್ದು ಹಾರಾಟಕ್ಕೆ ಸಮವೂ ಅಲ್ಲ. ಮ್ಯಾಕ್ 6ರ ಗಾಳಿಯನ್ನು ನಿಮಿಷಗಟ್ಟಲೆ ಊದಬೇಕಾದರೆ ಅದನ್ನು ಮೊದಲು ಕಾಯಿಸಬೇಕು. ಸಾಮಾನ್ಯವಾಗಿ ಗಾಳಿಯಲ್ಲೇ ಇಂಧನ ಉರಿಸಿ ಕಾಯಿಸುತ್ತಾರೆ, ಖರ್ಚಾದ ಆಮ್ಲಜನಕವನ್ನು ಮತ್ತೆ ಸೇರಿಸುತ್ತಾರೆ. ಎಕ್ಸ್-51ಎ ಎಂಜಿನ್ನನ್ನು ಪರೀಕ್ಷಿಸಿದ ನಾಸಾದ ಲ್ಯಾಂಗ್ಲಿ ಸುರಂಗವೂ ಮೀಥೇನ್ ಉರಿಸಿಯೇ ಗಾಳಿ ಕಾಯಿಸುತ್ತದೆ. ಹಾಗೆ ಕಾಯಿಸಿದ ಗಾಳಿಯಲ್ಲಿ ನೀರಾವಿ ಇರುತ್ತದೆ, ಆಕಾಶದ ಒಣ ಗಾಳಿಯಲ್ಲಿ ಅಷ್ಟು ಇರುವುದಿಲ್ಲ. ಬೆಂಕಿ ಹೊತ್ತುವ ರೀತಿಯೇ ಸ್ವಲ್ಪ ಬದಲಾಗುತ್ತದೆ. ಶುದ್ಧ ಗಾಳಿ ಬೇಕೆಂದರೆ ಶಾಕ್ ಟನಲ್‌ಗಳಿವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇವೆ. ಅವು ಕೊಡುವ ಹರಿವು ಬಾಳುವುದು ಮಿಲಿಸೆಕೆಂಡಿನ ಲೆಕ್ಕದಲ್ಲಿ. ಹರಿವಿನ ಬಗ್ಗೆ ಅಮೂಲ್ಯವಾದ ವಿಷಯ ತಿಳಿಯುತ್ತದೆ, ಗೋಡೆ ಬಿಸಿಯಾಗಿ ಏನಾಗುತ್ತದೆ ಎಂದು ತಿಳಿಯುವುದಿಲ್ಲ. ಒಂದೇ ಸುರಂಗ ಎಲ್ಲ ಉತ್ತರ ಕೊಡುವುದಿಲ್ಲವಾದ್ದರಿಂದ ಹಾರಿಸಿಯೇ ನೋಡಬೇಕು. ಹಾರಿಸಿದ ವಾಹನ ಸಮುದ್ರಕ್ಕೆ ಬೀಳುತ್ತದೆ, ಉಳಿಯುವುದು ರೇಡಿಯೋದಲ್ಲಿ ಬಂದ ಅಂಕಿಗಳು ಮಾತ್ರ.

ಆದ್ದರಿಂದ ನನ್ನ ಕೋರಿಕೆ ಇದು. ಮುಂದಿನ ಸಲ ಇಂಥ ಪ್ರಕಟಣೆ ನಿಮ್ಮ ಮೇಜಿಗೆ ಬಂದಾಗ, ವರದಿಗಾರರಿಗೆ ಮೊದಲು ಇದನ್ನು ಕೇಳಲು ಹೇಳಿ: ಆ ವಾಹನದಲ್ಲಿ ಗಾಳಿ ಬಳಸುವ ಎಂಜಿನ್ ಇತ್ತೋ, ಇಲ್ಲ ರಾಕೆಟ್ ಎಸೆದ ಮೇಲೆ ಜಾರಿಕೊಂಡು ಹೋಗುವ ಗ್ಲೈಡರೋ? ಎರಡನ್ನೂ ಹೈಪರ್‌ಸಾನಿಕ್ ಎಂದೇ ಕರೆಯುತ್ತಾರೆ, ಓದುಗರಿಗೆ ವ್ಯತ್ಯಾಸ ತಿಳಿಯಬೇಕು. ಎಂಜಿನ್ ಇದ್ದರೆ ಎಷ್ಟು ಸೆಕೆಂಡು ಉರಿಯಿತು, ಹಾರಾಟದಲ್ಲೋ ನೆಲದ ಮೇಲೋ, ಪೂರ್ತಿ ಅಳತೆಯದ್ದೋ ಚಿಕ್ಕದೋ, ಇಂಧನ ಯಾವುದು, ಗೋಡೆಯನ್ನು ತಂಪು ಮಾಡಿದ್ದು ಹೇಗೆ? ಹಾರಾಟವಾಗಿದ್ದರೆ, ಬೂಸ್ಟರ್ ಬಿಟ್ಟಾಗ ವೇಗ ಎಷ್ಟಿತ್ತು, ಎಂಜಿನ್ ಆರಿದಾಗ ಎಷ್ಟಿತ್ತು? ಕೆಲವಕ್ಕೆ ಉತ್ತರ ಸಿಗದಿರಬಹುದು, ರಕ್ಷಣಾ ವಿಷಯ. ಆಗ "ವೇಗ ಏರಿತೇ ಎಂಬುದನ್ನು ತಿಳಿಸಿಲ್ಲ" ಎಂದು ಒಂದು ಸಾಲು ಬರೆಯಿರಿ. ಆ ಸಾಲೂ ಸುದ್ದಿಯೇ. ಪಕ್ಕದಲ್ಲಿ ಒಂದು ಸಣ್ಣ ಚೌಕ ಕೊಟ್ಟು ಹಿಂದಿನ ಪರೀಕ್ಷೆಗಳ ಸೆಕೆಂಡುಗಳನ್ನೂ ಹಾಕಿದರೆ ನನ್ನ ವಿದ್ಯಾರ್ಥಿಗಳ ಪ್ರಶ್ನೆಗೆ ನಿಮ್ಮ ಪತ್ರಿಕೆಯಲ್ಲೇ ಉತ್ತರ ಸಿಗುತ್ತದೆ. ಆ ಚೌಕವನ್ನು ಬರೆಯಲು ಯಾರಾದರೂ ಬೇಕಿದ್ದರೆ, ಕನ್ನಡದಲ್ಲಿ ಬರೆಯಬಲ್ಲ ಪ್ರೊಪಲ್ಶನ್ ಮೇಷ್ಟ್ರುಗಳು ರಾಜ್ಯದ ಕಾಲೇಜುಗಳಲ್ಲಿ ಇದ್ದೇವೆ. ಕೇಳಿದ ದಿನವೇ ಬರೆದುಕೊಡುತ್ತೇವೆ.

ಇಂತಿ,
ನಿಮ್ಮ ಓದುಗ, ಒಬ್ಬ ಪ್ರೊಪಲ್ಶನ್ ಮೇಷ್ಟ್ರು